ಮೇಷ್ಟ್ರ ಹಿಂದೆ ತಿರುಗುವ ಕ್ಯಾಮೆರಾ

ಬೋರ್ಡಿನ ಎಡತುದಿಯಲ್ಲಿ ಸಮೀಕರಣ ಬರೆಯಲು ಶುರುಮಾಡಿದ ಮೇಷ್ಟ್ರು ಉತ್ತರದ ಕೆಳಗೆ ಗೆರೆ ಎಳೆಯುವ ಹೊತ್ತಿಗೆ ಬಲತುದಿಯಲ್ಲಿರುತ್ತಾರೆ. ನಡುವೆ ಐದಾರು ಮೀಟರ್ ನಡೆದಿರುತ್ತಾರೆ. ಅವರ ಪಾಠವನ್ನು ವಿಡಿಯೊ ಮಾಡಬೇಕಾದವರಿಗೆ ಇದೊಂದು ತಾಪತ್ರಯ. ಇಡೀ ಬೋರ್ಡು ಕಾಣುವಂತೆ ಕ್ಯಾಮೆರಾವನ್ನು ಕೊನೆಯ ಬೆಂಚಿನ ಹತ್ತಿರ ಇಟ್ಟರೆ ಅಕ್ಷರ ಓದಲಾಗುವುದಿಲ್ಲ. ಮುಂದಿನ ಬೆಂಚಿನ ಮೇಲೆ ಇಟ್ಟರೆ ಮೇಷ್ಟ್ರು ಆಗಾಗ ಚಿತ್ರದಿಂದ ಆಚೆ ಹೋಗಿ ಧ್ವನಿಯಷ್ಟೇ ಉಳಿಯುತ್ತದೆ. ಕ್ಯಾಮೆರಾ ಹಿಂದೆ ಒಬ್ಬ ಹುಡುಗನನ್ನು ನಿಲ್ಲಿಸಬಹುದು, ಆದರೆ ಅವನಿಗೂ ಪಾಠ ಕೇಳಬೇಕಲ್ಲ.

ಹಾಗಾಗಿ ಕ್ಯಾಮೆರಾ ತಾನೇ ಮೇಷ್ಟ್ರನ್ನು ನೋಡುತ್ತ ತಿರುಗಲಿ ಎಂಬ ಆಸೆ ಹುಟ್ಟುತ್ತದೆ. ಇದಕ್ಕೆ ಬೇಕಾದ ಸಾಮಾನು ಇವತ್ತು ದುಬಾರಿಯೇನಲ್ಲ. ಒಂದು ರಾಸ್ಪ್‌ಬೆರಿ ಪೈ, ಅದರದೇ ಸಣ್ಣ ಕ್ಯಾಮೆರಾ, ಆಟಿಕೆ ವಿಮಾನಗಳಲ್ಲಿ ಬಳಸುವ ಎರಡು ಸರ್ವೋ ಮೋಟಾರು, ಅವೆರಡನ್ನು ಕೂರಿಸುವ ಪ್ಲಾಸ್ಟಿಕ್ ಚೌಕಟ್ಟು. ಒಂದು ಮೋಟಾರು ಕ್ಯಾಮೆರಾವನ್ನು ಅಡ್ಡಕ್ಕೆ ತಿರುಗಿಸುತ್ತದೆ, ಅದು ಪ್ಯಾನ್. ಇನ್ನೊಂದು ಮೇಲೆ ಕೆಳಗೆ ಬಾಗಿಸುತ್ತದೆ, ಅದು ಟಿಲ್ಟ್. ಎಂಜಿನಿಯರಿಂಗ್ ಓದುವ ಮಕ್ಕಳು ಕೊನೆಯ ವರ್ಷದ ಪ್ರಾಜೆಕ್ಟಿಗೆ ಇದನ್ನು ಧಾರಾಳವಾಗಿ ಆರಿಸಿಕೊಳ್ಳುತ್ತಾರೆ. ಪ್ರದರ್ಶನದ ದಿನ ಕ್ಯಾಮೆರಾ ಮೇಷ್ಟ್ರನ್ನು ಹಿಂಬಾಲಿಸುತ್ತದೆ ಕೂಡ. ಆದರೆ ಆ ವಿಡಿಯೊವನ್ನು ಐದು ನಿಮಿಷ ನೋಡಿದರೆ ತಲೆ ಸುತ್ತುತ್ತದೆ. ಕ್ಯಾಮೆರಾ ಮೇಷ್ಟ್ರನ್ನು ದಾಟಿ ಮುಂದೆ ಹೋಗುತ್ತದೆ, ವಾಪಸ್ ಬರುತ್ತದೆ, ಮತ್ತೆ ದಾಟುತ್ತದೆ. ಅವರು ನಿಂತಲ್ಲೇ ನಿಂತಿದ್ದರೂ ಅದು ಬೇಡ ಬೇಡ ಎಂದು ತಲೆ ಆಡಿಸುತ್ತಿರುತ್ತದೆ.

ಮೋಟಾರು ಅಗ್ಗದ್ದು, ಅದಕ್ಕೇ ಹೀಗೆ ಎಂದು ಬಹಳ ಜನ ತಿಳಿದುಕೊಳ್ಳುತ್ತಾರೆ. ದುಬಾರಿ ಮೋಟಾರು ತಂದು ಹಾಕಿದರೂ ತಲೆ ಆಡಿಸುವುದು ನಿಲ್ಲುವುದಿಲ್ಲ, ಇನ್ನಷ್ಟು ಜೋರಾಗುವುದೂ ಉಂಟು. ತೊಂದರೆಯ ಬೇರು ಬೇರೆಡೆ ಇದೆ. ಕಂಪ್ಯೂಟರಿನ ಕೈಗೆ ಬರುವ ಚಿತ್ರ ಈ ಕ್ಷಣದ್ದಲ್ಲ, ಸ್ವಲ್ಪ ಹೊತ್ತಿನ ಹಿಂದಿನದು.

ಮೊದಲು ಸರಳವಾದ ವಿಧಾನ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಕ್ಯಾಮೆರಾ ಸೆಕೆಂಡಿಗೆ ಹದಿನೈದೋ ಮೂವತ್ತೋ ಫ್ರೇಮು ಕೊಡುತ್ತದೆ. ಟ್ರ್ಯಾಕರ್ ಎನ್ನುವುದು ಒಂದು ಪ್ರೋಗ್ರಾಂ. ಮೊದಲ ಫ್ರೇಮಿನಲ್ಲಿ ಮೇಷ್ಟ್ರ ಸುತ್ತ ನಾವು ಒಂದು ಚೌಕ ಎಳೆದು ತೋರಿಸಿದರೆ, ಮುಂದಿನ ಪ್ರತಿ ಫ್ರೇಮಿನಲ್ಲೂ ಆ ಚೌಕ ಎಲ್ಲಿಗೆ ಸರಿದಿದೆ ಎಂದು ಅದು ಹುಡುಕಿ ಹೇಳುತ್ತದೆ. ಚೌಕದ ಮಧ್ಯಬಿಂದು ಚಿತ್ರದ ಮಧ್ಯದಿಂದ ಎಷ್ಟು ಪಿಕ್ಸೆಲ್ ದೂರದಲ್ಲಿದೆಯೋ ಅದೇ ತಪ್ಪಿನ ಪ್ರಮಾಣ. ಚಿತ್ರದ ಅಗಲ 640 ಪಿಕ್ಸೆಲ್ ಎಂದುಕೊಂಡರೆ ಮಧ್ಯ 320. ಮೇಷ್ಟ್ರು 420ರಲ್ಲಿದ್ದರೆ 100 ಪಿಕ್ಸೆಲ್ ಬಲಕ್ಕಿದ್ದಾರೆ, ಕ್ಯಾಮೆರಾ ಅಷ್ಟು ಬಲಕ್ಕೆ ತಿರುಗಬೇಕು. ಒಂದೇ ಏಟಿಗೆ ಪೂರ್ತಿ ತಿರುಗಿಸದೆ, ತಪ್ಪಿನ ಒಂದು ಪಾಲನ್ನು ಮಾತ್ರ ಪ್ರತಿ ಫ್ರೇಮಿಗೆ ತಿದ್ದುತ್ತಾರೆ. ಆ ಪಾಲಿಗೆ ಗೇನ್ ಎನ್ನುತ್ತಾರೆ. ಗೇನ್ 0.5 ಎಂದರೆ ಸಲಕ್ಕೆ ಅರ್ಧದಷ್ಟು ತಿದ್ದುವುದು.

ಇಲ್ಲಿ ಪಿಕ್ಸೆಲ್ಲನ್ನು ಡಿಗ್ರಿಗೆ ಪರಿವರ್ತಿಸಿಕೊಳ್ಳಬೇಕು, ಏಕೆಂದರೆ ಮೋಟಾರಿಗೆ ಪಿಕ್ಸೆಲ್ ಗೊತ್ತಿಲ್ಲ. ಪೈ ಕ್ಯಾಮೆರಾದ ಎರಡನೆಯ ಆವೃತ್ತಿಯನ್ನೇ ತೆಗೆದುಕೊಳ್ಳೋಣ. ಅದರ ನೋಟದ ಅಗಲ 62.2 ಡಿಗ್ರಿ. 640 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಡುಭಾಗದ ಹತ್ತಿರ ಒಂದು ಡಿಗ್ರಿಗೆ ಸುಮಾರು 9 ಪಿಕ್ಸೆಲ್ ಬೀಳುತ್ತದೆ. ಲೆಕ್ಕ ಇಷ್ಟೇ:

```python
err = degrees(atan((cx - 320) / 530))
```

ಈ 530 ಬಂದದ್ದು ಚಿತ್ರದ ಅರ್ಧ ಅಗಲವನ್ನು ನೋಟದ ಅರ್ಧ ಕೋನದ ಟ್ಯಾನ್ ಬೆಲೆಯಿಂದ ಭಾಗಿಸಿದಾಗ. ಇದರಲ್ಲೊಂದು ಗುಂಡಿ ಇದೆ, ಬಹಳ ಮಂದಿ ಬೀಳುವಂಥದ್ದು. ಈ ಕ್ಯಾಮೆರಾವನ್ನು ನೇರವಾಗಿ 640 x 480 ಮೋಡ್‌ಗೆ ಹಾಕಿದರೆ ಅದು ಸೆನ್ಸರಿನ ನಡುಭಾಗವನ್ನಷ್ಟೇ ಕತ್ತರಿಸಿ ಕೊಡುತ್ತದೆ, ಪೂರ್ತಿ 62 ಡಿಗ್ರಿ ಸಿಗುವುದಿಲ್ಲ. ಪೂರ್ತಿ ನೋಟ ಬೇಕಾದರೆ 1640 x 1232ರಲ್ಲಿ ತೆಗೆದು ಆಮೇಲೆ ಚಿಕ್ಕದು ಮಾಡಿಕೊಳ್ಳಬೇಕು. ಇದು ತಿಳಿಯದೆ ಹೋದರೆ ಲೆಕ್ಕ ಎರಡೂವರೆ ಪಟ್ಟು ತಪ್ಪುತ್ತದೆ. ನೀವು 0.2 ಎಂದುಕೊಂಡ ಗೇನ್ ನಿಜದಲ್ಲಿ 0.5 ಆಗಿರುತ್ತದೆ.

ಕಾಗದದ ಮೇಲಿನ ಲೆಕ್ಕವನ್ನು ನಂಬದೆ ಅಳೆದು ನೋಡುವುದು ಒಳ್ಳೆಯದು. ಅದಕ್ಕೆ ಬೇಕಾದದ್ದು ಒಂದು ಗೋಡೆ, ಒಂದು ಬಿಳಿ ಹಾಳೆ, ಅದರ ಮೇಲೆ ಕಪ್ಪು ಬಣ್ಣದ ದಪ್ಪ ವೃತ್ತ. ಕ್ಯಾಮೆರಾವನ್ನು ವೃತ್ತದ ಎದುರು ನಿಲ್ಲಿಸಿ ಟ್ರ್ಯಾಕರ್‌ಗೆ ಅದನ್ನು ತೋರಿಸಿ. ಹಿಂಬಾಲಿಸುವ ಕೆಲಸ ಬಂದ್ ಇರಲಿ. ಈಗ ಪ್ಯಾನ್ ಮೋಟಾರಿಗೆ 10 ಡಿಗ್ರಿ ತಿರುಗು ಎಂದು ಒಂದೇ ಆಜ್ಞೆ ಕೊಟ್ಟು, ಕೊಟ್ಟ ಕ್ಷಣದಿಂದ ವೃತ್ತದ ಸ್ಥಾನವನ್ನು ಸಮಯದೊಂದಿಗೆ ಬರೆದುಕೊಳ್ಳುತ್ತ ಹೋಗಿ. ವೃತ್ತ ಸುಮಾರು 93 ಪಿಕ್ಸೆಲ್ ಸರಿದು ನಿಂತರೆ ಮೇಲಿನ ಸೂತ್ರ ಸರಿ. 240 ಪಿಕ್ಸೆಲ್ ಸರಿದರೆ ಕ್ಯಾಮೆರಾ ನಡುಭಾಗ ಕತ್ತರಿಸುತ್ತಿದೆ ಎಂದರ್ಥ.

ಆದರೆ ಈ ಪರೀಕ್ಷೆಯ ನಿಜವಾದ ಬೆಲೆ ಇರುವುದು ಸಮಯದ ಕಾಲಮ್ಮಿನಲ್ಲಿ. ಆಜ್ಞೆ ಕೊಟ್ಟ ಮೇಲೆ ಬರುವ ಮೊದಲ ಕೆಲವು ಫ್ರೇಮುಗಳಲ್ಲಿ ವೃತ್ತ ಕದಲುವುದೇ ಇಲ್ಲ. ಮೋಟಾರು ತಿರುಗಿದ್ದು ಕಣ್ಣಿಗೆ ಕಂಡಿರುತ್ತದೆ, ಕಿವಿಗೆ ಕೇಳಿರುತ್ತದೆ, ಆದರೂ ಪರದೆಯ ಅಂಕಿ ಹಳೆಯದೇ ಇರುತ್ತದೆ. ಆಮೇಲೆ ಒಮ್ಮೆಗೇ ಸರಿಯಲು ತೊಡಗುತ್ತದೆ. ಕ್ಯಾಮೆರಾ ಬೆಳಕು ತೆಗೆದುಕೊಳ್ಳಲು, ಚಿತ್ರವನ್ನು ಸಾಗಿಸಲು, ಟ್ರ್ಯಾಕರ್ ಹುಡುಕಲು, ಮೋಟಾರು ಹೇಳಿದ ಜಾಗಕ್ಕೆ ಹೋಗಲು ತೆಗೆದುಕೊಂಡ ಸಮಯವೆಲ್ಲ ಅದರಲ್ಲಿ ಸೇರಿದೆ. ಸೆಕೆಂಡಿಗೆ 15 ಫ್ರೇಮು ನೋಡುವ ಇಂಥ ಸಾಧನದಲ್ಲಿ ಎಲ್ಲ ಸೇರಿ 200 ಮಿಲಿಸೆಕೆಂಡ್, ಅಂದರೆ ಮೂರು ಫ್ರೇಮಿನಷ್ಟು ವಿಳಂಬ ಎಂದು ಇಟ್ಟುಕೊಳ್ಳೋಣ. ಓಪನ್‌ಸಿವಿಯಲ್ಲಿ ಚಿತ್ರ ಓದುವವರು ಒಂದು ವಿಷಯ ಗಮನಿಸಬೇಕು. ಹಳೆಯ ಫ್ರೇಮುಗಳು ಬಫರಿನಲ್ಲಿ ಸರತಿ ನಿಂತಿದ್ದರೆ ಈ ವಿಳಂಬ ಸದ್ದಿಲ್ಲದೆ ದುಪ್ಪಟ್ಟಾಗುತ್ತದೆ. ಫ್ರೇಮು ಓದುವುದಕ್ಕೆ ಬೇರೆಯೇ ಥ್ರೆಡ್ ಇಟ್ಟು, ಯಾವಾಗಲೂ ತೀರ ಇತ್ತೀಚಿನದನ್ನು ಮಾತ್ರ ಟ್ರ್ಯಾಕರ್‌ಗೆ ಕೊಡಬೇಕು.

ಸೆಕೆಂಡಿನ ಐದನೇ ಒಂದು ಭಾಗ ಏನು ಮಹಾ ಎನಿಸಬಹುದು. ಲಾರಿಯನ್ನು ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಹಿಂದೆ ನಿಂತು ಬಾ ಬಾ, ಸಾಕು ಎಂದು ಕೂಗುತ್ತಾನಲ್ಲ, ಅವನ ಕೂಗು ಡ್ರೈವರ್‌ಗೆ ತಡವಾಗಿ ತಲುಪಿದರೆ ಏನಾಗುತ್ತದೆ? ಸಾಕು ಎಂಬುದು ಕೇಳಿಸುವ ಹೊತ್ತಿಗೆ ಲಾರಿ ಗೋಡೆಗೆ ತಾಗಿರುತ್ತದೆ. ನಮ್ಮ ಕ್ಯಾಮೆರಾದ ಪಾಡೂ ಅದೇ. ಮೇಷ್ಟ್ರು ಮಧ್ಯಕ್ಕೆ ಬಂದಾಗಿದೆ, ಆದರೆ ಕೈಯಲ್ಲಿರುವ ಚಿತ್ರದಲ್ಲಿ ಅವರಿನ್ನೂ ಬಲಕ್ಕಿದ್ದಾರೆ. ಹಾಗಾಗಿ ಪ್ರೋಗ್ರಾಂ ಇನ್ನೂ ಬಲಕ್ಕೆ ತಿರುಗಿಸುತ್ತದೆ. ತಪ್ಪು ಗೊತ್ತಾದಾಗ ಕ್ಯಾಮೆರಾ ಆಗಲೇ ದಾಟಿಹೋಗಿರುತ್ತದೆ. ಈಗ ಎಡಕ್ಕೆ ಎಳೆಯುತ್ತದೆ, ಅದೂ ಹೆಚ್ಚಾಗುತ್ತದೆ.

ಇದಕ್ಕೆ ನಿಖರವಾದ ಗಣಿತ ಇದೆ. ಮೂರು ಫ್ರೇಮಿನ ವಿಳಂಬ ಇದ್ದಾಗ ಗೇನ್ 0.445 ದಾಟಿದರೆ ತೂಗಾಟ ನಿಲ್ಲುವುದೇ ಇಲ್ಲ, ಬೆಳೆಯುತ್ತ ಹೋಗುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ತೂಗಾಡಿ ತೂಗಾಡಿ ನಿಲ್ಲುತ್ತದೆ. ಒಮ್ಮೆಯೂ ದಾಟದೆ ನೇರವಾಗಿ ಹೋಗಿ ನಿಲ್ಲಬೇಕಾದರೆ ಗೇನ್ ಸುಮಾರು 0.1ಕ್ಕೆ ಇಳಿಯಬೇಕು. ಇದೇ ಲೆಕ್ಕದಿಂದ ರೋಗ ಪತ್ತೆ ಮಾಡುವ ಒಂದು ಉಪಾಯವೂ ಸಿಗುತ್ತದೆ. ಗಡಿಯ ಹತ್ತಿರ ತೂಗಾಟದ ಒಂದು ಸುತ್ತು 14 ಫ್ರೇಮು ತೆಗೆದುಕೊಳ್ಳುತ್ತದೆ, 15 ಫ್ರೇಮಿನ ಸಾಧನದಲ್ಲಿ ಅದು ಹತ್ತಿರಹತ್ತಿರ ಒಂದು ಸೆಕೆಂಡು. ಕ್ಯಾಮೆರಾ ಸೆಕೆಂಡಿಗೊಮ್ಮೆ ನಿಧಾನವಾಗಿ ತಲೆ ಆಡಿಸುತ್ತಿದ್ದರೆ ಅದು ವಿಳಂಬ ಮತ್ತು ಗೇನಿನ ಜಗಳ. ಸಣ್ಣಗೆ, ಬೇಗಬೇಗ ನಡುಗುತ್ತಿದ್ದರೆ ಕಾರಣ ಬೇರೆ. ಟ್ರ್ಯಾಕರ್‌ನ ಚೌಕ ಅಲುಗುತ್ತಿರಬಹುದು, ಮೋಟಾರಿಗೆ ಹೋಗುವ ಸಂಕೇತ ಸ್ಥಿರವಾಗಿಲ್ಲದಿರಬಹುದು. ಈ ಎರಡನ್ನು ಬೇರೆ ಮಾಡದೆ ಗೇನ್ ತಿರುವುತ್ತ ಕೂತರೆ ಸಂಜೆಯಾಗುತ್ತದೆ, ಕೆಲಸ ಆಗುವುದಿಲ್ಲ.

ಸರಿ, ಗೇನನ್ನು 0.1 ಮಾಡಿಬಿಟ್ಟರೆ ಮುಗಿಯಿತಲ್ಲ? ತಲೆ ಆಡಿಸುವುದು ನಿಲ್ಲುತ್ತದೆ. ಆದರೆ ಮೇಷ್ಟ್ರು ನಡೆದಾಗ ಹೊಸ ತೊಂದರೆ ಶುರುವಾಗುತ್ತದೆ. ಕ್ಯಾಮೆರಾ ಬೋರ್ಡಿನಿಂದ 3 ಮೀಟರ್ ದೂರದಲ್ಲಿದೆ, ಮೇಷ್ಟ್ರು ಸೆಕೆಂಡಿಗೆ 1 ಮೀಟರ್ ನಡೆಯುತ್ತಾರೆ ಎನ್ನಿ. ಅವರು ಕ್ಯಾಮೆರಾದ ಎದುರು ಹಾಯುವಾಗ ಅದು ಸೆಕೆಂಡಿಗೆ 19 ಡಿಗ್ರಿ ತಿರುಗಬೇಕು. ಅಂದರೆ ಫ್ರೇಮಿಗೆ 1.27 ಡಿಗ್ರಿ. ಪ್ರತಿ ಫ್ರೇಮಿಗೆ ತಪ್ಪಿನ ಹತ್ತನೇ ಒಂದು ಪಾಲನ್ನು ಮಾತ್ರ ತಿದ್ದುತ್ತೇವೆಂದರೆ, ಆ 1.27 ಡಿಗ್ರಿ ತಿರುಗಲು ತಪ್ಪು ಸದಾ 12.7 ಡಿಗ್ರಿ ಇರಲೇಬೇಕು. ಚಿತ್ರದಲ್ಲಿ ಇದು 119 ಪಿಕ್ಸೆಲ್, ಬೋರ್ಡಿನ ಮೇಲೆ ಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ. ನಡೆಯುತ್ತಿರುವಷ್ಟು ಹೊತ್ತೂ ಮೇಷ್ಟ್ರು ಚಿತ್ರದ ಮುಂದಿನ ಅಂಚಿನ ಕಡೆ ಇರುತ್ತಾರೆ, ಅವರ ಬೆನ್ನ ಹಿಂದೆ ಖಾಲಿ ಜಾಗ ಬಿದ್ದಿರುತ್ತದೆ. ಕ್ಯಾಮೆರಾ ಹಿಡಿಯುವ ಯಾರನ್ನು ಕೇಳಿದರೂ ನಡೆಯುವವರ ಮುಂದೆ ಜಾಗ ಬಿಡಿ ಎನ್ನುತ್ತಾರೆ. ಇಲ್ಲಿ ಪೂರ್ತಿ ತಿರುಗುಮುರುಗು.

ಪ್ರಾಜೆಕ್ಟಿನ ಹುಡುಗರು ಇಲ್ಲಿಗೆ ಬಂದಾಗ ಹೇಳುವ ಮಾತು ಒಂದೇ: "ಪಿಐಡಿ ಹಾಕಿದ್ದೀವಿ ಸಾರ್, ಡಿ ಸ್ವಲ್ಪ ಜಾಸ್ತಿ ಮಾಡ್ತೀವಿ." ಪಿಐಡಿ ಹಳೆಯ, ಗೌರವದ ವಿಧಾನ. ನಿಕೊಲಾಸ್ ಮಿನೋರ್‌ಸ್ಕಿ 1922ರಲ್ಲಿ ಹಡಗಿನ ಚುಕ್ಕಾಣಿಯನ್ನು ತಾನಾಗಿ ತಿರುಗಿಸುವ ಬಗ್ಗೆ ಬರೆದ ಪ್ರಬಂಧದಲ್ಲಿ ಅದರ ಗಣಿತ ಇದೆ. ಈಗಿನ ತಪ್ಪು, ಕೂಡುತ್ತ ಬಂದ ತಪ್ಪು, ತಪ್ಪು ಬದಲಾಗುವ ವೇಗ, ಈ ಮೂರನ್ನೂ ಅದು ನೋಡುತ್ತದೆ. ಆದರೆ ನಮ್ಮ ಕ್ಯಾಮೆರಾದಲ್ಲಿ ಕೂಡಿಸುವ ಭಾಗವನ್ನು ಹೆಚ್ಚಿಸಿದರೆ ಹಿಂದೆ ಬೀಳುವುದು ಕಡಿಮೆಯಾಗಿ, ಮೇಷ್ಟ್ರು ನಿಂತಾಗ ದಾಟಿಹೋಗುವುದು ಜಾಸ್ತಿಯಾಗುತ್ತದೆ. ವೇಗದ ಭಾಗವನ್ನು ಹೆಚ್ಚಿಸಿದರೆ ಟ್ರ್ಯಾಕರ್ ಚೌಕದ ಮೂರು ನಾಲ್ಕು ಪಿಕ್ಸೆಲ್ ಅಲುಗಾಟವೆಲ್ಲ ದೊಡ್ಡದಾಗಿ ಮೋಟಾರಿಗೆ ಹೋಗಿ ಕ್ಯಾಮೆರಾ ನಡುಗುತ್ತದೆ. ಮೂರು ಗುಬ್ಬಿಗಳನ್ನು ಎಷ್ಟು ತಿರುವಿದರೂ ಚಿತ್ರ ಹಳೆಯದು ಎಂಬ ಸಂಗತಿ ಬದಲಾಗುವುದಿಲ್ಲವಲ್ಲ. ನನ್ನ ಮಟ್ಟಿಗೆ, ವಿಳಂಬವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಪಿಐಡಿ ತಿರುವುವುದು ವ್ಯರ್ಥ ಶ್ರಮ.

ದಾರಿ ಬೇರೆ ಇದೆ, ಅದು ಒಂದೇ ಸಾಲಿನದು. ಚಿತ್ರದಲ್ಲಿ ಮೇಷ್ಟ್ರು ಎಲ್ಲಿದ್ದಾರೆ ಎಂದು ಕೇಳುವುದನ್ನು ಬಿಟ್ಟು, ಕೋಣೆಯಲ್ಲಿ ಎಲ್ಲಿದ್ದಾರೆ ಎಂದು ಕೇಳಬೇಕು. ಕ್ಯಾಮೆರಾ 20 ಡಿಗ್ರಿ ಬಲಕ್ಕೆ ತಿರುಗಿದ್ದಾಗ ಮೇಷ್ಟ್ರು ಮಧ್ಯದಿಂದ ಇನ್ನೂ 5 ಡಿಗ್ರಿ ಬಲಕ್ಕೆ ಕಂಡರೆ, ಕೋಣೆಯ ಲೆಕ್ಕದಲ್ಲಿ ಅವರು 25 ಡಿಗ್ರಿಯಲ್ಲಿದ್ದಾರೆ. ಈ 25 ಕ್ಯಾಮೆರಾ ಆಮೇಲೆ ಎತ್ತ ತಿರುಗಿದರೂ ಬದಲಾಗುವುದಿಲ್ಲ. ಗುಟ್ಟು ಇರುವುದು ಆ 20ರಲ್ಲಿ. ಅದು ಕ್ಯಾಮೆರಾ ಈಗ ಇರುವ ಕೋನವಾಗಬಾರದು, ಚಿತ್ರ ತೆಗೆದಾಗ ಇದ್ದ ಕೋನವಾಗಬೇಕು. ಅದಕ್ಕಾಗಿ ಮೋಟಾರಿಗೆ ಕೊಟ್ಟ ಪ್ರತಿ ಆಜ್ಞೆಯನ್ನೂ ಸಮಯ ಸಮೇತ ಒಂದು ಪಟ್ಟಿಯಲ್ಲಿ ಇಟ್ಟುಕೊಂಡಿದ್ದು, 200 ಮಿಲಿಸೆಕೆಂಡ್ ಹಿಂದಿನದನ್ನು ತೆಗೆದುಕೊಳ್ಳುತ್ತೇವೆ:

```python
target = pan_at(now - 0.2) + err
```

ಗೋಡೆಯ ವೃತ್ತದಿಂದ ಅಳೆದ ಆ 0.2 ಇಲ್ಲಿ ಕೆಲಸಕ್ಕೆ ಬಂತು. ಇನ್ನು ಮುಂದೆ ಕ್ಯಾಮೆರಾ ತನ್ನದೇ ಚಲನೆಯನ್ನು ಮೇಷ್ಟ್ರ ಚಲನೆಯೆಂದು ತಪ್ಪು ತಿಳಿಯುವುದಿಲ್ಲ. ತೂಗಾಟಕ್ಕೆ ಕಾರಣವಾಗಿದ್ದ ಸುತ್ತು ಕಡಿದುಹೋಯಿತು. ವಿಳಂಬವಿರುವ ಯಂತ್ರಗಳನ್ನು ಹೀಗೆ, ತಾನು ಕೊಟ್ಟ ಆಜ್ಞೆಯನ್ನು ನೆನಪಿಟ್ಟುಕೊಂಡು ನಿಯಂತ್ರಿಸುವ ಉಪಾಯವನ್ನು ಆಟೊ ಸ್ಮಿತ್ ಎಂಬ ಎಂಜಿನಿಯರ್ 1957ರಲ್ಲಿ ಮುಂದಿಟ್ಟರು. ನಮ್ಮ ಮಿದುಳಿಗೆ ಇದು ಮೊದಲಿಂದಲೂ ಗೊತ್ತು. ಕಣ್ಣುಗುಡ್ಡೆಯನ್ನು ನಾವೇ ಹೊರಳಿಸಿದಾಗ ಕೋಣೆ ನಿಂತಲ್ಲೇ ಇರುತ್ತದೆ. ರೆಪ್ಪೆಯ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಮಾತ್ರ ಕೋಣೆಯೇ ಅಲುಗಿದಂತೆ ಕಾಣುತ್ತದೆ, ಏಕೆಂದರೆ ಆ ಚಲನೆಯ ಆಜ್ಞೆ ಮಿದುಳಿನಿಂದ ಹೋದದ್ದಲ್ಲ.

0.2 ಸರಿಯಾಗಿದೆಯೇ ಎಂದು ತಿಳಿಯುವುದು ಸುಲಭ. ಮತ್ತೆ ಗೋಡೆಯ ವೃತ್ತದ ಎದುರು ಹೋಗಿ, ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಗಿಸುತ್ತ `target` ಬೆಲೆಯನ್ನು ಗಮನಿಸಿ. ವೃತ್ತ ಗೋಡೆಗೆ ಅಂಟಿಕೊಂಡಿದೆ, ಹಾಗಾಗಿ ಬೆಲೆ ಹೆಚ್ಚು ಕಡಿಮೆ ಒಂದೇ ಇರಬೇಕು. ಅದು ಕ್ಯಾಮೆರಾ ಹೋದ ಕಡೆಗೇ ಹೋಗಿ, ವಾಪಸಾದಾಗ ವಾಪಸಾಗುತ್ತಿದ್ದರೆ ನೀವು ಹಾಕಿದ ವಿಳಂಬ ನಿಜಕ್ಕಿಂತ ಕಡಿಮೆ ಇದೆ. ಎದುರು ದಿಕ್ಕಿಗೆ ಹೋಗುತ್ತಿದ್ದರೆ ಹೆಚ್ಚಿದೆ. ಒಂದು ಡಿಗ್ರಿಯಷ್ಟು ಅಲುಗಾಟ ಉಳಿದರೆ ಬಿಟ್ಟುಬಿಡಿ, ಅದು ಪ್ಲಾಸ್ಟಿಕ್ ಗೇರಿನ ಸಡಿಲ.

ಇನ್ನು ಎರಡು ಕೆಲಸ ಬಾಕಿ. `target` ಎನ್ನುವುದು 200 ಮಿಲಿಸೆಕೆಂಡ್ ಹಳೆಯ ಸುದ್ದಿ, ಅದನ್ನು ಈ ಹೊತ್ತಿಗೆ ತರಬೇಕು. ಜೊತೆಗೆ ಟ್ರ್ಯಾಕರ್‌ನ ಅಲುಗಾಟವನ್ನು ಸೋಸಬೇಕು. ಎರಡಕ್ಕೂ ಸೇರಿ ಆಲ್ಫಾ-ಬೀಟಾ ಎಂಬ ಪುಟ್ಟ ಫಿಲ್ಟರ್ ಸಾಕು. ಕಾಲ್ಮನ್ ಫಿಲ್ಟರಿನ ಬಡ ತಮ್ಮ ಎನ್ನಬಹುದು, ಆದರೆ ಈ ಕೆಲಸಕ್ಕೆ ಅಣ್ಣ ಬೇಕಿಲ್ಲ:

```python
pred = pos + vel * dt
r = target - pred
pos = pred + 0.4 * r
vel = vel + 0.1 * r / dt
goal = pos + vel * 0.2
```

ಮೇಷ್ಟ್ರು ಹೋದ ಸಲದ ವೇಗದಲ್ಲೇ ನಡೆದಿದ್ದರೆ ಈಗ ಎಲ್ಲಿರಬೇಕಿತ್ತು ಎಂಬುದು ಮೊದಲ ಸಾಲು. ನಿಜವಾಗಿ ಕಂಡ ಜಾಗಕ್ಕೂ ಊಹೆಗೂ ಇರುವ ಅಂತರ ಎರಡನೆಯದು. ಆ ಅಂತರದ ಹತ್ತರಲ್ಲಿ ನಾಲ್ಕು ಪಾಲು ಸ್ಥಾನವನ್ನು ತಿದ್ದುತ್ತದೆ, ಒಂದು ಪಾಲು ವೇಗವನ್ನು ತಿದ್ದುತ್ತದೆ. ಕೊನೆಯ ಸಾಲು ಮುಂದಿನ 200 ಮಿಲಿಸೆಕೆಂಡಿಗೆ ಕೈ ಚಾಚುತ್ತದೆ. ಸೆಕೆಂಡಿಗೆ 19 ಡಿಗ್ರಿ ವೇಗಕ್ಕೆ ಇದು 3.8 ಡಿಗ್ರಿ. ಮೇಷ್ಟ್ರು ಗಕ್ಕನೆ ನಿಂತರೆ ಈ ಊಹೆ ಅಷ್ಟರ ಮಟ್ಟಿಗೆ ತಪ್ಪುತ್ತದೆ, ಕ್ಯಾಮೆರಾ ಸುಮಾರು 35 ಪಿಕ್ಸೆಲ್ ಮುಂದೆ ಹೋಗಿ ಹಿಂದಕ್ಕೆ ಬರಬಹುದು. 119 ಪಿಕ್ಸೆಲ್ ಹಿಂದೆ ಬಿದ್ದೇ ಇರುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ಮೋಟಾರಿನ ಸರದಿ. ಟ್ರ್ಯಾಕರ್ ಸೆಕೆಂಡಿಗೆ 15 ಸಲ ಗುರಿ ಹೇಳುತ್ತದೆ. ಅದು ಹೇಳಿದಾಗಲೆಲ್ಲ ಮೋಟಾರನ್ನು ಅಲ್ಲಿಗೆ ದೂಡಿದರೆ ಚಲನೆ ಮೆಟ್ಟಿಲುಮೆಟ್ಟಿಲಾಗಿ ಕಾಣುತ್ತದೆ. ಸರ್ವೋ ಮೋಟಾರಿಗೆ ಸಂಕೇತ ಹೋಗುವುದು ಸೆಕೆಂಡಿಗೆ 50 ಸಲ, ಪ್ರತಿ 20 ಮಿಲಿಸೆಕೆಂಡಿಗೆ ಒಂದು ಪಲ್ಸ್. ಆ ಪಲ್ಸಿನ ಅಗಲವೇ ಕೋನವನ್ನು ಹೇಳುತ್ತದೆ. ಹಾಗಾಗಿ ಮೋಟಾರಿಗೆ ಬೇರೆಯೇ ಒಂದು ಲೂಪ್ ಇಟ್ಟು, ಅದನ್ನು ಸೆಕೆಂಡಿಗೆ 50 ಸಲ ಓಡಿಸಬೇಕು:

```python
goal += vel * 0.02
want = vel + 3 * (goal - cmd)
want = max(-40, min(40, want))
v += max(-2.4, min(2.4, want - v))
cmd += v * 0.02
```

ಎರಡು ಮಿತಿಗಳು ಇದರಲ್ಲಿವೆ. ವೇಗ ಸೆಕೆಂಡಿಗೆ 40 ಡಿಗ್ರಿ ದಾಟುವಂತಿಲ್ಲ. ವೇಗ ಬದಲಾಗುವುದೂ ಒಂದು ಸಲಕ್ಕೆ 2.4ಕ್ಕಿಂತ ಹೆಚ್ಚುವಂತಿಲ್ಲ. ನೋಡುವವರ ಕಣ್ಣಿಗೆ ನಯವಾಗಿ ಕಾಣುವಂತೆ ಮಾಡುವುದು ಈ ಎರಡನೆಯ ಮಿತಿ. ಕ್ಯಾಮೆರಾ ಒಮ್ಮೆಗೇ ಹೊರಡುವುದಿಲ್ಲ, ಒಮ್ಮೆಗೇ ನಿಲ್ಲುವುದಿಲ್ಲ. `want` ಸಾಲಿನಲ್ಲಿ `vel` ಇರುವುದನ್ನು ಮರೆಯಬಾರದು. ಅದನ್ನು ಬಿಟ್ಟು ಬರಿಯ ಅಂತರದ ಮೂರು ಪಟ್ಟನ್ನು ವೇಗವಾಗಿ ತೆಗೆದುಕೊಂಡರೆ ಹಳೆಯ ಹಿಂದೆ ಬೀಳುವ ರೋಗ ಹಿತ್ತಲ ಬಾಗಿಲಿಂದ ಮತ್ತೆ ಒಳಗೆ ಬರುತ್ತದೆ. 19 ಡಿಗ್ರಿ ವೇಗಕ್ಕೆ 6 ಡಿಗ್ರಿಗಿಂತ ಹೆಚ್ಚು ಹಿಂದುಳಿಯುತ್ತದೆ. ನಯಗೊಳಿಸಲು ಹಾಕುವ ಪ್ರತಿಯೊಂದು ಸೋಸುವಿಕೆಯೂ ಒಂದಷ್ಟು ತಡ ಮಾಡಿಸುತ್ತದೆ, ಅದನ್ನು ವೇಗದ ಅಂದಾಜಿನಿಂದ ತುಂಬಿಕೊಡಬೇಕು.

ಇಷ್ಟಾದರೂ ಮೇಷ್ಟ್ರು ಕದಲದೆ ನಿಂತಾಗ ಮೋಟಾರು ಗುರ್ ಗುರ್ ಎನ್ನುತ್ತಿದ್ದರೆ ಅದರ ಹೊಟ್ಟೆಯನ್ನು ತಿಳಿದುಕೊಳ್ಳಬೇಕು. ಎಸ್‌ಜಿ90 ಎಂಬ ನೀಲಿ ಬಣ್ಣದ 9 ಗ್ರಾಂ ಮೋಟಾರು ಎಲ್ಲರ ಕೈಯಲ್ಲೂ ಇರುವಂಥದ್ದು. ಅದರಲ್ಲಿ ಒಂದು ಡಿಗ್ರಿಗೆ ಪಲ್ಸಿನ ಅಗಲ ಹತ್ತು ಹನ್ನೊಂದು ಮೈಕ್ರೊಸೆಕೆಂಡ್ ಬದಲಾಗುತ್ತದೆ. ಪಲ್ಸಿನಲ್ಲಿ 10 ಮೈಕ್ರೊಸೆಕೆಂಡಿಗಿಂತ ಕಡಿಮೆ ಬದಲಾವಣೆಯನ್ನು ಅದು ಗಮನಿಸುವುದೇ ಇಲ್ಲ. ಅಂದರೆ ಒಂದು ಡಿಗ್ರಿಯ ಒಳಗೆ, ಚಿತ್ರದಲ್ಲಿ 9 ಪಿಕ್ಸೆಲ್ ಒಳಗೆ, ಅದಕ್ಕೆ ನಿಖರತೆ ಎಂಬುದಿಲ್ಲ. ಮೇಷ್ಟ್ರ ಮೂಗನ್ನು ಸರಿಯಾಗಿ 320ನೇ ಪಿಕ್ಸೆಲ್‌ಗೆ ತರುತ್ತೇನೆಂದು ಹಟ ಹಿಡಿದ ಪ್ರೋಗ್ರಾಂ ಎಂದೂ ನೆಮ್ಮದಿ ಕಾಣುವುದಿಲ್ಲ. ಗುರಿಗೂ ಕ್ಯಾಮೆರಾಕ್ಕೂ ಒಂದೂವರೆ ಡಿಗ್ರಿಗಿಂತ ಕಡಿಮೆ ಅಂತರವಿದ್ದು, ಮೇಷ್ಟ್ರ ವೇಗವೂ ಸೆಕೆಂಡಿಗೆ ಎರಡು ಡಿಗ್ರಿಯ ಒಳಗಿದ್ದರೆ ಮೋಟಾರನ್ನು ಹಾಗೇ ಬಿಟ್ಟುಬಿಡಬೇಕು. ಟಿಲ್ಟಿಗಂತೂ ಈ ಸಡಿಲಿಕೆ ಇನ್ನೂ ಹೆಚ್ಚಿರಲಿ, ನಾಲ್ಕೈದು ಡಿಗ್ರಿ. ನಡೆಯುವವರ ತಲೆ ಹೆಜ್ಜೆಹೆಜ್ಜೆಗೂ ಮೇಲೆ ಕೆಳಗಾಗುತ್ತದೆ, ಅದನ್ನೆಲ್ಲ ಹಿಂಬಾಲಿಸಿದರೆ ನೋಡುವವರಿಗೆ ದೋಣಿಯಲ್ಲಿ ಕೂತ ಹಾಗಾಗುತ್ತದೆ.

ನಡುಕಕ್ಕೆ ಇನ್ನೊಂದು ಕಾರಣ, ಪೈ ತನ್ನ ಸಾಫ್ಟ್‌ವೇರಿನಿಂದಲೇ ಪಲ್ಸ್ ತಯಾರಿಸುವುದು. ಟ್ರ್ಯಾಕರ್ ಜೋರಾಗಿ ಕೆಲಸ ಮಾಡುತ್ತಿರುವಾಗ ಪಲ್ಸಿನ ಅಗಲ ಅತ್ತಿತ್ತ ಆಗುತ್ತದೆ, ಮೋಟಾರು ಅದನ್ನೇ ಆಜ್ಞೆ ಎಂದುಕೊಳ್ಳುತ್ತದೆ. ಪಿಸಿಎ9685 ಎಂಬ ಚಿಪ್ ಇರುವ ಸಣ್ಣ ಬೋರ್ಡಿಗೆ ಈ ಕೆಲಸ ಒಪ್ಪಿಸಿದರೆ ಈ ತಕರಾರು ಮುಗಿಯಿತು. ಮೋಟಾರುಗಳ 5 ವೋಲ್ಟ್ ಸರಬರಾಜು ಪೈಯಿಂದ ಬರಬಾರದು, ಬೇರೆ ಅಡಾಪ್ಟರಿನಿಂದ ಬರಬೇಕು, ಗ್ರೌಂಡ್ ತಂತಿ ಮಾತ್ರ ಎರಡಕ್ಕೂ ಒಂದೇ. ಕ್ಯಾಮೆರಾ ಜೋರಾಗಿ ತಿರುಗಿದಾಗಲೆಲ್ಲ ಪೈ ರೀಸ್ಟಾರ್ಟ್ ಆಗುತ್ತಿದ್ದರೆ ಪ್ರೋಗ್ರಾಂ ನೋಡಬೇಡಿ, ಮೊದಲು ಈ ವೈರಿಂಗ್ ನೋಡಿ.

ಟ್ರ್ಯಾಕರ್ ಬಗ್ಗೆ ಇಷ್ಟು ಹೊತ್ತು ಅದು ಹೇಳಿದ್ದೇ ಸತ್ಯವೆಂಬಂತೆ ಮಾತಾಡಿದ್ದಾಯಿತು. ಹಾಗಿರುವುದಿಲ್ಲ. ಕ್ಯಾಮೆರಾ ನಿಂತಲ್ಲೇ ಇದ್ದಿದ್ದರೆ ಹಿಂದಿನ ಫ್ರೇಮನ್ನು ಈಗಿನದರಿಂದ ಕಳೆದು, ಬದಲಾದದ್ದೇ ಮೇಷ್ಟ್ರು ಎನ್ನಬಹುದಿತ್ತು. ಕ್ಯಾಮೆರಾವೇ ತಿರುಗುವಾಗ ಗೋಡೆ, ಬೋರ್ಡು, ಕಿಟಕಿ ಎಲ್ಲವೂ ಬದಲಾಗುತ್ತವೆ. ಅದಕ್ಕೇ ರೂಪವನ್ನು ನೋಡಿ ಹುಡುಕುವ ಟ್ರ್ಯಾಕರ್ ಬೇಕು. ಓಪನ್‌ಸಿವಿಯಲ್ಲಿ ಸಿಗುವವುಗಳಲ್ಲಿ ಕೆಸಿಎಫ್ ವೇಗದ್ದು, ಆದರೆ ಅದರ ಚೌಕದ ಅಳತೆ ಬದಲಾಗುವುದಿಲ್ಲ. ಮೇಷ್ಟ್ರು ಬೆಂಚುಗಳ ನಡುವೆ ಹತ್ತಿರ ಬಂದರೆ ಚೌಕ ಅವರ ಅಂಗಿಯ ಗುಂಡಿಯ ಮೇಲಷ್ಟೇ ಉಳಿಯುತ್ತದೆ. ಸಿಎಸ್‌ಆರ್‌ಟಿ ಅಳತೆಯನ್ನೂ ಸರಿಹೊಂದಿಸಿಕೊಳ್ಳುತ್ತದೆ, ಹೆಚ್ಚು ನಂಬಿಕಸ್ಥ, ಆದರೆ ನಿಧಾನ. ಟ್ರ್ಯಾಕರ್‌ಗೆ ಕೊಡುವ ಚಿತ್ರವನ್ನು 320 ಪಿಕ್ಸೆಲ್ ಅಗಲಕ್ಕೆ ಇಳಿಸಿ ಸಿಎಸ್‌ಆರ್‌ಟಿ ಓಡಿಸುವುದು ತರಗತಿಯ ಮಟ್ಟಿಗೆ ಒಳ್ಳೆಯ ರಾಜಿ. ಸಿಕ್ಕ ಮಧ್ಯಬಿಂದುವನ್ನು ಎರಡರಿಂದ ಗುಣಿಸಿಕೊಂಡರಾಯಿತು.

ಇವೆರಡಕ್ಕೂ ಒಂದು ಸಮಾನ ದೌರ್ಬಲ್ಯವಿದೆ. ಪ್ರತಿ ಫ್ರೇಮಿನಲ್ಲೂ ಚೌಕದೊಳಗೆ ಕಂಡದ್ದನ್ನು ಕಲಿಯುತ್ತ ಹೋಗುತ್ತವೆ. ಮೇಷ್ಟ್ರು ಬಿದ್ದ ಡಸ್ಟರ್ ಎತ್ತಿಕೊಳ್ಳಲು ಮೇಜಿನ ಹಿಂದೆ ಬಗ್ಗಿದರೆ ಚೌಕದೊಳಗೆ ಉಳಿಯುವುದು ಮೇಜಿನ ಅಂಚು, ಹಿಂದಿನ ಬೋರ್ಡು. ಮೂರು ನಾಲ್ಕು ಸೆಕೆಂಡಿನಲ್ಲಿ ಟ್ರ್ಯಾಕರ್ ಅದನ್ನೇ ಮೇಷ್ಟ್ರೆಂದು ಕಲಿತುಬಿಡುತ್ತದೆ. ಅವರು ಎದ್ದು ಆ ಕಡೆ ನಡೆದರೂ ಕ್ಯಾಮೆರಾ ಮೇಜನ್ನೇ ನೋಡುತ್ತಿರುತ್ತದೆ, ತನಗೆ ತಪ್ಪಿಹೋಯಿತೆಂದು ಹೇಳುವುದೂ ಇಲ್ಲ. ಇದನ್ನು ಪತ್ತೆ ಮಾಡಲು ಕೋಣೆಯ ಕೋನ ನೆರವಾಗುತ್ತದೆ. ಬೋರ್ಡಿನ ಮುಂದೆ ನಿಂತ ಮನುಷ್ಯ ಯಾರೇ ಆಗಲಿ ಸ್ವಲ್ಪವಾದರೂ ಅಲುಗುತ್ತಾರೆ. `pos` ಹತ್ತಾರು ಸೆಕೆಂಡು ಅರ್ಧ ಡಿಗ್ರಿಯೂ ಕದಲದೆ ನಿಂತಿದ್ದರೆ ಟ್ರ್ಯಾಕರ್ ಯಾವುದೋ ಮರದ ಸಾಮಾನಿಗೆ ಅಂಟಿಕೊಂಡಿದೆ ಎಂದು ಅನುಮಾನಿಸಬಹುದು.

ಗಟ್ಟಿ ಪರಿಹಾರವೆಂದರೆ ಸೆಕೆಂಡಿಗೊಮ್ಮೆಯಾದರೂ ಮನುಷ್ಯರನ್ನು ಗುರುತಿಸುವ ಬೇರೆ ಪ್ರೋಗ್ರಾಂ ಓಡಿಸಿ, ಟ್ರ್ಯಾಕರ್ ಹಿಡಿದಿರುವುದು ಮನುಷ್ಯರನ್ನೇ ಹೌದೇ ಎಂದು ತಾಳೆ ನೋಡುವುದು. ಅಲ್ಲವೆಂದಾದರೆ ಹತ್ತಿರದಲ್ಲಿ ಕಂಡ ವ್ಯಕ್ತಿಯ ಮೇಲೆ ಹೊಸದಾಗಿ ಚೌಕ ಎಳೆಯಬೇಕು. ಮೇಷ್ಟ್ರು ಪೂರ್ತಿ ತಪ್ಪಿಹೋದಾಗ ಕ್ಯಾಮೆರಾ ಏನು ಮಾಡಬೇಕೆಂದೂ ಮೊದಲೇ ಗೊತ್ತುಮಾಡಿರಬೇಕು. ಹಠಾತ್ತನೆ ನಿಲ್ಲುವುದು ಅಸಹ್ಯ, ಹುಡುಕುತ್ತ ಅತ್ತಿತ್ತ ತಿರುಗುವುದು ಅದಕ್ಕಿಂತ ಅಸಹ್ಯ. ಅರ್ಧ ಸೆಕೆಂಡು ಅದೇ ವೇಗದಲ್ಲಿ ಮುಂದುವರಿದು, ನಿಧಾನವಾಗಿ ನಿಂತು, ಐದು ಸೆಕೆಂಡು ಕಾದು, ಆಮೇಲೂ ಸಿಗದಿದ್ದರೆ ಬೋರ್ಡಿನ ನಡುವಿಗೆ ಮೆಲ್ಲಗೆ ವಾಪಸಾಗಲಿ. ನೋಡುವವರಿಗೆ ಅದು ತಪ್ಪೆಂದೇ ಅನಿಸುವುದಿಲ್ಲ.

ಕೊನೆಯದಾಗಿ ಕೋಣೆಯ ಬೆಳಕು. ಮಳೆಗಾಲದ ಮಧ್ಯಾಹ್ನ ತರಗತಿ ಮಬ್ಬಾದಾಗ ಕ್ಯಾಮೆರಾ ತಾನಾಗಿಯೇ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ತೆಗೆದುಕೊಳ್ಳುತ್ತದೆ. ಸೆಕೆಂಡಿನ 30ನೇ ಒಂದು ಭಾಗ ತೆರೆದಿಟ್ಟು ಸೆಕೆಂಡಿಗೆ 40 ಡಿಗ್ರಿ ತಿರುಗಿದರೆ ಚಿತ್ರ 12 ಪಿಕ್ಸೆಲ್ ಉದ್ದಕ್ಕೆ ಕದಡಿಹೋಗುತ್ತದೆ. ಮೇಷ್ಟ್ರ ವೇಗದಲ್ಲೇ ಕ್ಯಾಮೆರಾ ತಿರುಗುತ್ತಿರುವಾಗ ಅವರು ಸ್ಪಷ್ಟವಾಗಿಯೇ ಇರುತ್ತಾರೆ, ಬೋರ್ಡು ಮಾತ್ರ ಕದಡುತ್ತದೆ. ಆದರೆ ಅವರು ಹೊರಟಾಗ, ನಿಂತಾಗ ಅವರೇ ಕದಡುತ್ತಾರೆ. ಟ್ರ್ಯಾಕರ್ ಹೆಚ್ಚಾಗಿ ತಪ್ಪುವುದು ಈ ಕ್ಷಣಗಳಲ್ಲೇ. ಜೊತೆಗೆ ಫ್ರೇಮುಗಳು ನಿಧಾನವಾಗಿ ಬರತೊಡಗಿದರೆ ನಾವು ಅಳೆದಿಟ್ಟ 0.2 ಸುಳ್ಳಾಗುತ್ತದೆ. ಹಾಗಾಗಿ ಎಕ್ಸ್‌ಪೋಶರನ್ನು ಆಟೊದಲ್ಲಿ ಬಿಡದೆ ಸೆಕೆಂಡಿನ 100ನೇ ಒಂದು ಭಾಗಕ್ಕೆ ಕಟ್ಟಿಹಾಕಿ. ನಮ್ಮ ಕರೆಂಟು 50 ಹರ್ಟ್ಜ್‌ನದು, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಅದಕ್ಕೆ ಹೊಂದುವ ಈ ಅಳತೆಯಲ್ಲಿ ಚಿತ್ರದ ಮೇಲೆ ಪಟ್ಟೆಗಳೂ ಬೀಳುವುದಿಲ್ಲ. ಚಿತ್ರ ಕತ್ತಲಾಗಿ ಕಂಡರೆ ಸೆನ್ಸರಿನ ಗೇನ್ ಏರಿಸಿ. ಸ್ವಲ್ಪ ಕಾಳುಕಾಳಾಗಿ ಕಂಡರೂ ಟ್ರ್ಯಾಕರ್ ಸಹಿಸಿಕೊಳ್ಳುತ್ತದೆ, ಕದಡಿದ್ದನ್ನು ಸಹಿಸುವುದಿಲ್ಲ. ಬೋರ್ಡಿನ ಮೇಲಿನ ಟ್ಯೂಬ್‌ಲೈಟು ಕೆಟ್ಟಿದ್ದರೆ, ಪ್ರೋಗ್ರಾಮಿಗೆ ಕೈ ಹಾಕುವ ಮೊದಲು ಅಟೆಂಡರನ್ನು ಕರೆದು ಅದನ್ನು ಬದಲಾಯಿಸಲು ಹೇಳಿ.